ಹಾಸ್ಟೆಲ್ ಬಜೆಟ್‌ನಲ್ಲಿ ಕರೆಂಟ್ ಬಿಲ್ ಯಾವ ಖರ್ಚು?

ಪ್ರಶ್ನೆ: ಬಾಗಲಕೋಟೆಯ ಒಂದು ಸಣ್ಣ ಹಾಸ್ಟೆಲ್‌ಗೆ ಹೊಸದಾಗಿ ಮ್ಯಾನೇಜರ್ ಆಗಿದ್ದೇನೆ. ಸ್ಥಿರ, ಚರ, ಅರೆ-ಚರ ವೆಚ್ಚ ಅಂದರೇನು?

ಉತ್ತರ: ಹುಡುಗರ ಸಂಖ್ಯೆ ಏರಿಳಿದರೂ ಕಟ್ಟಡದ ಬಾಡಿಗೆ, ವಾರ್ಡನ್ ಸಂಬಳ ಕದಲುವುದಿಲ್ಲ, ಅದು ಸ್ಥಿರ. ಜೋಳದ ಹಿಟ್ಟು, ಬೇಳೆ, ಕಾಯಿಪಲ್ಲೆ ತಲೆಲೆಕ್ಕದಲ್ಲಿ ಏರುತ್ತವೆ, ಅದು ಚರ.

ತೊಡಕಿರುವುದು ಕರೆಂಟ್ ಬಿಲ್‌ನಂಥ, ಈ ಎರಡೂ ಬೆರೆತ ಅರೆ-ಚರ ವೆಚ್ಚದಲ್ಲಿ. ನಿಗದಿತ ಶುಲ್ಕ, ಅಡುಗೆಮನೆಯ ಫ್ರಿಜ್, ವರಾಂಡದ ದೀಪ ಯಾರಿಲ್ಲದಿದ್ದರೂ ಬಿಲ್ ಎಬ್ಬಿಸುತ್ತವೆ. ಕೋಣೆಯ ಫ್ಯಾನು, ನೀರಿನ ಮೋಟಾರು ಜನರಿದ್ದಷ್ಟು ಓಡುತ್ತವೆ. ಎರಡನ್ನೂ ಬೇರ್ಪಡಿಸಲು ಹಳೆಯ ಬಿಲ್ ಸಾಕು.

100 ಹುಡುಗರಿದ್ದ ತಿಂಗಳು ₹14,000, 40 ಜನರಿದ್ದ ತಿಂಗಳು ₹9,200 ಬಂದಿದೆ ಅಂದುಕೊಳ್ಳಿ. ವ್ಯತ್ಯಾಸ ₹4,800. ಅದನ್ನು 60ರಿಂದ ಭಾಗಿಸಿದರೆ ತಲೆಗೆ ₹80, ಇದು ಚರ ಭಾಗ. 14,000ದಲ್ಲಿ 100 ಹುಡುಗರ ಚರ ಭಾಗ 8,000 ಕಳೆದರೆ ಉಳಿಯುವ ₹6,000 ಸ್ಥಿರ ಭಾಗ. ಹಾಗಾಗಿ 70 ಹುಡುಗರಿಗೆ 6,000 + 5,600 = ₹11,600 ಇಡಬೇಕು.

ಹೊಸಬರು ಸಾಮಾನ್ಯವಾಗಿ 14,000ವನ್ನು 100ರಿಂದ ಭಾಗಿಸಿ ತಲೆಗೆ ₹140 ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 40 ಜನರಿಗೆ ಬರುವುದು ₹5,600. ರಜೆ ತಿಂಗಳಲ್ಲಿ ₹3,600 ಕೊರತೆ ಬೀಳುತ್ತದೆ.

ಒಂದು ಎಚ್ಚರ: ಏಪ್ರಿಲ್ ಬಿಲ್ಲನ್ನು ಡಿಸೆಂಬರ್‌ನದಕ್ಕೆ ಹೋಲಿಸಬೇಡಿ. ನಮ್ಮ ಕಡೆಯ ಬಿಸಿಲಿಗೆ ಫ್ಯಾನು ಹಗಲಿಡೀ ತಿರುಗುತ್ತದೆ, ಆ ಖರ್ಚೂ ಹುಡುಗರ ಲೆಕ್ಕಕ್ಕೆ ಸೇರಿಬಿಡುತ್ತದೆ. ದರ ಬದಲಾಗದ, ಒಂದೇ ಹವೆಯ ತಿಂಗಳುಗಳನ್ನೇ ಆರಿಸಿ.