ಫೋನ್ ಕಳೆದು ಸ್ವಿಚ್ ಆಫ್ ಬರುತ್ತಿದ್ದರೆ ಏನು ಮಾಡಬಹುದು, ಯಾವುದು ಮೊದಲು

ಪ್ರಶ್ನೆ: ಅಮ್ಮನ ಆಂಡ್ರಾಯ್ಡ್ ಫೋನ್ ಬಸ್ಸಲ್ಲಿ ಹೋಯ್ತು. ಕಾಲ್ ಮಾಡಿದ್ರೆ ಸ್ವಿಚ್ ಆಫ್ ಬರ್ತಿದೆ. ಲೊಕೇಶನ್ ಸಿಗುತ್ತಾ? ಇಲ್ಲಿಂದಲೇ ಲಾಕ್ ಮಾಡಿ ಎಲ್ಲಾ ಅಳಿಸೋಕೆ ಆಗುತ್ತಾ? ಸಿಮ್ ಮೊದಲು ಬ್ಲಾಕ್ ಮಾಡಿಸ್ಬೇಕಾ?

ಮೊದಲು ಒಂದು ವಿಷಯ. "ಸ್ವಿಚ್ ಆಫ್" ಅಂತ ಕೇಳಿಸಿದರೆ ಫೋನು ನಿಜವಾಗಿ ಆಫ್ ಆಗಿದೆ ಅಂತ ಆಗಲಿಲ್ಲ. ಆ ಸಿಮ್ ಈಗ ನೆಟ್‌ವರ್ಕಿನಲ್ಲಿ ಇಲ್ಲ, ಅಷ್ಟೇ. ಯಾರೋ ಸಿಮ್ ತೆಗೆದು ಬಿಸಾಡಿರಬಹುದು, ಫ್ಲೈಟ್ ಮೋಡ್ ಹಾಕಿರಬಹುದು, ಚಾರ್ಜ್ ಮುಗಿದಿರಬಹುದು, ಇಲ್ಲವೇ ನಿಜಕ್ಕೂ ಆಫ್ ಮಾಡಿರಬಹುದು. ಕೇಳಿಸುವುದು ಒಂದೇ ಮಾತಾದರೂ ಒಂದೊಂದರಲ್ಲಿ ಆಗುವ ಕೆಲಸ ಬೇರೆ. ಹಾಗಾಗಿ ಕೈಚೆಲ್ಲುವ ಮೊದಲು ಕಂಪ್ಯೂಟರಿನಲ್ಲೋ ಇನ್ನೊಂದು ಫೋನಿನಲ್ಲೋ android.com/find ತೆರೆದು ಅಮ್ಮನ ಗೂಗಲ್ ಖಾತೆಯಿಂದ ಒಳಗೆ ಹೋಗಿ.

ಹೋದ ವರ್ಷ ನಮ್ಮ ಅತ್ತೆಯ ಫೋನು ಹಾಸನದಿಂದ ಬೆಂಗಳೂರಿಗೆ ಬರುವಾಗ ಕಳೆಯಿತು. ಅವರಿಗೆ ಗೊತ್ತಾಗಿದ್ದು ನೆಲಮಂಗಲ ದಾಟಿದ ಮೇಲೆ. ಕಾಲ್ ಮಾಡಿದರೆ ಸ್ವಿಚ್ ಆಫ್. ಆ ಪುಟ ತೆರೆದಾಗ ಫೋನು ಕೊನೆಗೆ ಕಾಣಿಸಿದ್ದು ಕುಣಿಗಲ್ ಹತ್ತಿರ, ಬ್ಯಾಟರಿ 61 ಪರ್ಸೆಂಟ್ ಅಂತ ಇತ್ತು. ಲೊಕೇಶನ್ನಿಗಿಂತ ಆ ಬ್ಯಾಟರಿ ಅಂಕಿಯೇ ಜಾಸ್ತಿ ಹೇಳಿತು. ಅಷ್ಟು ಚಾರ್ಜ್ ಇರುವ ಫೋನು ತಾನಾಗಿ ಸಾಯುವುದಿಲ್ಲ. ಸೀಟಿನ ಸಂದಿಯಲ್ಲಿ ಬಿದ್ದಿದ್ದರೆ ರಿಂಗ್ ಆಗಬೇಕಿತ್ತು. ಅಂದರೆ ಯಾರದ್ದೋ ಕೈ ಸೇರಿದೆ, ಆಫ್ ಮಾಡಿದ್ದಾರೆ. ಅದೇ 2 ಪರ್ಸೆಂಟ್ ಅಂತ ಇದ್ದಿದ್ದರೆ ನಾವು ಮೊದಲು ಡಿಪೋಗೆ ಹೋಗಿ ಕಂಡಕ್ಟರನ್ನು ಕೇಳುತ್ತಿದ್ದೆವು. ನೀವೂ ಕೊನೆಯ ಸಮಯ ಮತ್ತು ಬ್ಯಾಟರಿ ಎರಡನ್ನೂ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪೊಲೀಸರಿಗೆ ತೋರಿಸಲು ಬೇಕಾಗುತ್ತದೆ.

ಇಲ್ಲಿ ಹಲವರು ಸಿಕ್ಕಿಹಾಕಿಕೊಳ್ಳುವುದು ಲಾಗಿನ್ನಿನಲ್ಲಿ. ಪಾಸ್‌ವರ್ಡ್ ಹಾಕಿದ ಮೇಲೆ ಗೂಗಲ್ "ನಿಮ್ಮ ಫೋನಿನಲ್ಲಿ ಯೆಸ್ ಒತ್ತಿ" ಅನ್ನುತ್ತದೆ. ಆ ಫೋನೇ ತಾನೇ ಕಳೆದಿರುವುದು! ಅಮ್ಮನ ಖಾತೆ ಮನೆಯ ಟ್ಯಾಬಿನಲ್ಲೋ ಲ್ಯಾಪ್‌ಟಾಪಿನಲ್ಲೋ ಮೊದಲೇ ತೆರೆದಿದ್ದರೆ ಅಲ್ಲಿಂದಲೇ ಮಾಡಿ. ಎಂದೋ ಬರೆದಿಟ್ಟ 8 ಅಂಕಿಯ ಬ್ಯಾಕಪ್ ಕೋಡ್ ಇದ್ದರೂ ಆಗುತ್ತದೆ. ಎರಡೂ ಇಲ್ಲದಿದ್ದರೆ android.com/lock ಅಂತ ಇನ್ನೊಂದು ಪುಟ ಇದೆ. ಅಲ್ಲಿ ಗೂಗಲ್ ಪಾಸ್‌ವರ್ಡ್ ಬೇಕಿಲ್ಲ, ಫೋನ್ ನಂಬರ್ ಹಾಕಿದರೆ ಸಾಕು. ಆದರೆ ಅದು ಸ್ಕ್ರೀನ್ ಲಾಕ್ ಮಾತ್ರ ಮಾಡುತ್ತದೆ, ಜಾಗ ತೋರಿಸುವುದಿಲ್ಲ. ಆ ಫೋನಿನಲ್ಲಿ ರಿಮೋಟ್ ಲಾಕ್ ಮೊದಲೇ ಆನ್ ಆಗಿರಬೇಕು, ಫೋನಿಗೆ ಇಂಟರ್ನೆಟ್ಟೂ ಸಿಗಬೇಕು.

ಒಳಗೆ ಹೋದ ಮೇಲೆ ಮುಖ್ಯವಾಗಿ ಮೂರು ಆಯ್ಕೆ ಕಾಣುತ್ತವೆ: ಶಬ್ದ ಮಾಡಿಸುವುದು, ಕಳೆದಿದೆ ಅಂತ ಗುರುತಿಸಿ ಲಾಕ್ ಮಾಡುವುದು, ಪೂರ್ತಿ ಅಳಿಸುವುದು. ಶಬ್ದದ ಆಯ್ಕೆ ಸೈಲೆಂಟ್‌ನಲ್ಲಿ ಇದ್ದರೂ ಐದು ನಿಮಿಷ ಜೋರಾಗಿ ಕೂಗಿಸುತ್ತದೆ. ಅದು ಮನೆಯೊಳಗೆ ಕಳೆದ ಫೋನಿಗೆ, ನಿಮಗೆ ಈಗ ಬೇಡ. ನೀವು ಒತ್ತಬೇಕಾದ್ದು ಲಾಕ್. ಪರದೆಯ ಮೇಲೆ ಒಂದು ಸಂದೇಶ, ಕರೆ ಮಾಡಲು ಒಂದು ನಂಬರ್ ಹಾಕಲು ಬಿಡುತ್ತದೆ. ಅಪ್ಪನದೋ ನಿಮ್ಮದೋ ನಂಬರ್ ಹಾಕಿ. ಅಮ್ಮ ಸ್ಕ್ರೀನ್ ಲಾಕೇ ಇಟ್ಟಿರದಿದ್ದರೆ ಇಲ್ಲಿಂದಲೇ ಹೊಸ ಪಿನ್ ಕೊಡಬಹುದು. ಫೋನು ಆಫ್ ಇದ್ದರೂ ಒತ್ತಿ. ಆ ಆಜ್ಞೆ ಕಾದು ಕೂತಿರುತ್ತದೆ, ಫೋನು ಯಾವಾಗ ಇಂಟರ್ನೆಟ್ಟಿಗೆ ಬರುತ್ತದೋ ಆಗ ಜಾರಿಯಾಗುತ್ತದೆ. ಆಗ ಅದೇ ಸಿಮ್ ಇರಬೇಕೆಂದಿಲ್ಲ, ವೈಫೈ ಸಿಕ್ಕರೂ ಸಾಕು.

ಸಿಮ್ ಇಲ್ಲದೆ, ವೈಫೈ ಇಲ್ಲದೆ ಆನ್ ಇರುವ ಫೋನಿನ ಕಥೆ ಬೇರೆ. ಬ್ಲೂಟೂತ್ ಆನ್ ಇದ್ದರೆ ಅದರ ಸದ್ದಿಲ್ಲದ ಸಿಗ್ನಲನ್ನು ಪಕ್ಕದಲ್ಲಿ ಹಾದುಹೋಗುವವರ ಆಂಡ್ರಾಯ್ಡ್ ಫೋನುಗಳು ಹಿಡಿದು ಗೂಗಲ್ಲಿಗೆ ಗುಟ್ಟಾಗಿ ತಿಳಿಸುತ್ತವೆ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಇದು ನಡೆಯುತ್ತದೆ. ಒಂದು ಕೊರತೆ ಇದೆ. ಸುಮ್ನೆ ಬಿಟ್ಟರೆ ಇದು ಜನ ಜಾಸ್ತಿ ಇರುವ ಜಾಗಕ್ಕೆ ಮಾತ್ರ ಎಂಬ ಆಯ್ಕೆಯಲ್ಲಿ ಇರುತ್ತದೆ, ಹಲವು ಫೋನುಗಳು ಒಟ್ಟಿಗೆ ಕಂಡರಷ್ಟೇ ಜಾಗ ತೋರಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಸಿಕ್ಕೀತು, ತೋಟದ ಮನೆಯಲ್ಲಿ ಸಿಗುವುದು ಕಷ್ಟ. ಸೆಟ್ಟಿಂಗಿನಲ್ಲಿ ಎಲ್ಲ ಜಾಗಕ್ಕೂ ಅಂತ ಬದಲಾಯಿಸಿದ್ದರೆ ಒಂದೇ ಫೋನು ಕಂಡರೂ ಸಾಕು. ಆದರೆ ಅದನ್ನು ಕಳೆಯುವ ಮುಂಚೆ ಮಾಡಿರಬೇಕು.

ನಿಜಕ್ಕೂ ಆಫ್ ಆದ ಫೋನು? ಸಾಮಾನ್ಯ ಆಂಡ್ರಾಯ್ಡ್ ಆದರೆ ಕೊನೆಯ ಜಾಗ ಬಿಟ್ಟು ಹೊಸದೇನೂ ಸಿಗುವುದಿಲ್ಲ. ಪಿಕ್ಸೆಲ್ 8ರಿಂದ ಈಚಿನ ಕೆಲವು ಮಾಡೆಲುಗಳು ಆಫ್ ಆದ ಮೇಲೂ ಕೆಲವು ಗಂಟೆ ಬ್ಲೂಟೂತ್ ಸಿಗ್ನಲ್ ಬಿಡುತ್ತವೆ. ಐಫೋನಿನಲ್ಲಿ ಐಫೋನ್ 11ರಿಂದ, ಐಓಎಸ್ 15 ಅಥವಾ ನಂತರದ್ದು ಇದ್ದರೆ, ಇದೇ ರೀತಿ ಆಗುತ್ತದೆ. ಅಮ್ಮನದು ಸಾಧಾರಣ ಬೆಲೆಯ ಫೋನಾದರೆ ಇದರ ಮೇಲೆ ಆಸೆ ಇಡಬೇಡಿ. ಗೂಗಲ್ ಮ್ಯಾಪ್ಸ್ ಟೈಮ್‌ಲೈನ್ ನೋಡಿ ಅನ್ನುವ ಹಳೇ ಸಲಹೆಯೂ ಈಗ ನಡೆಯುವುದಿಲ್ಲ. ಆ ದಾಖಲೆ ಈಗ ಫೋನಿನೊಳಗೇ ಇರುತ್ತದೆ, ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಇನ್ನು ಐಎಂಇಐ, ಅಂದರೆ ಫೋನಿನ ಗುರುತಿನ ನಂಬರು, ಹಾಕಿದರೆ ಲೊಕೇಶನ್ ಕೊಡುತ್ತೇವೆ ಅನ್ನುವ ವೆಬ್‌ಸೈಟುಗಳೆಲ್ಲ ಮೋಸ. ದುಡ್ಡು ಕೊಡಬೇಡಿ.

ಈಗ ಸಿಮ್ ವಿಷಯ. ಫೋನು ರಿಂಗ್ ಆಗುತ್ತಿದ್ದಿದ್ದರೆ ಸ್ವಲ್ಪ ತಡೆಯಿರಿ ಅನ್ನುತ್ತಿದ್ದೆ. ಏಕೆಂದರೆ ಆ ಸಿಮ್ಮಿನ ಡೇಟಾ ಮೇಲೇ ಫೋನು ಸಿಗುತ್ತಿರುತ್ತದೆ, ಸಿಮ್ ಬ್ಲಾಕ್ ಆದರೆ ಹುಡುಕುವ ದಾರಿಯೂ ಮುಚ್ಚುತ್ತದೆ. ಹಾಗಿದ್ದಾಗ ಮೊದಲು ಲಾಕ್, ಆಮೇಲೆ ಸಿಮ್. ನಿಮ್ಮದು ಸ್ವಿಚ್ ಆಫ್ ಬರುತ್ತಿದೆ. ಅಂದರೆ ಆ ಸಿಮ್ಮಿನಿಂದ ಈಗ ಡೇಟಾ ಬರುತ್ತಲೇ ಇಲ್ಲ, ಉಳಿಸಿಕೊಂಡು ಆಗುವ ಲಾಭ ಕಡಿಮೆ. ಅಪಾಯ ಮಾತ್ರ ಜಾಸ್ತಿ: ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಓಟಿಪಿ ಎಲ್ಲ ಅಲ್ಲಿಗೇ ಹೋಗುತ್ತದೆ, ನಿಮ್ಮ ಸ್ಕ್ರೀನ್ ಲಾಕ್ ಅದನ್ನು ತಡೆಯುವುದಿಲ್ಲ. ಹಾಗಾಗಿ ಲಾಕ್ ಒತ್ತಿದ ಕೂಡಲೇ ಸಿಮ್ ಕಂಪನಿಗೆ ಕರೆ ಮಾಡಿ ಬ್ಲಾಕ್ ಮಾಡಿಸಿ, ಬ್ಯಾಂಕಿಗೂ ಹೇಳಿ ಯುಪಿಐ ನಿಲ್ಲಿಸಿ. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಡ್ಯೂಪ್ಲಿಕೇಟ್ ಸಿಮ್ ತಂದ ಮೇಲೆ ಒಂದು ಗಾಬರಿ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್ಎಂಎಸ್ ಬರುವುದಿಲ್ಲ. ಅದು ವಂಚನೆ ತಡೆಯಲು ಇರುವ ನಿಯಮ, ಸಿಮ್ ಕೆಟ್ಟಿಲ್ಲ. ನಮ್ಮ ಅತ್ತೆ ಇಡೀ ಸಂಜೆ ಅಂಗಡಿಯವನ ಜೊತೆ ಜಗಳ ಆಡಿದರು.

ಮುಂದಿನದು ಪೊಲೀಸ್ ಮತ್ತು ಸಿಇಐಆರ್. ಆಫ್ ಆದ ಫೋನಿಗೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ದಾರಿ ಇದೇ. ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ಆಮೇಲೆ ceir.gov.in ತೆರೆದು ಕಳೆದ ಫೋನ್ ಬ್ಲಾಕ್ ಮಾಡುವ ಫಾರಂ ತುಂಬಿ. ಇದು ಕೇಂದ್ರ ದೂರಸಂಪರ್ಕ ಇಲಾಖೆಯದು, 2023ರ ಮೇ ತಿಂಗಳಲ್ಲಿ ದೇಶದ ತುಂಬ ಶುರುವಾಯಿತು. ದೂರಿನ ಪ್ರತಿ, ಗುರುತಿನ ಚೀಟಿ, ಫೋನಿನ ಬಿಲ್ಲು, ಹೊಸ ಸಿಮ್ ಕೈಯಲ್ಲಿರಲಿ. ಓಟಿಪಿ ಬೇಕಾಗುವುದರಿಂದ ಮೇಲೆ ಹೇಳಿದ 24 ಗಂಟೆ ಇಲ್ಲಿ ಅಡ್ಡ ಬರಬಹುದು. ಐಎಂಇಐ ಅಂದರೆ 15 ಅಂಕಿಯ ನಂಬರು, ಎರಡು ಸಿಮ್ಮಿನ ಫೋನಿಗೆ ಎರಡಿರುತ್ತದೆ, ಎರಡನ್ನೂ ಕೊಡಿ. ಡಬ್ಬಿಯ ಮೇಲೆ ಇರುತ್ತದೆ. ಡಬ್ಬಿ ಬಿಸಾಡಿದ್ದರೆ android.com/find ಪುಟದಲ್ಲಿ ಫೋನಿನ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿ ನೋಡಿ. ಕೊನೆಗೆ ಒಂದು ರಿಕ್ವೆಸ್ಟ್ ಐಡಿ ಸಿಗುತ್ತದೆ, ಅದನ್ನು ಜೋಪಾನ ಮಾಡಿ.

ಸುಮಾರು ಒಂದು ದಿನದಲ್ಲಿ ಆ ಫೋನು ದೇಶದ ಯಾವ ಕಂಪನಿಯ ಸಿಮ್ಮಿನಲ್ಲೂ ನಡೆಯದಂತಾಗುತ್ತದೆ. ಯಾರಾದರೂ ಬೇರೆ ಸಿಮ್ ಹಾಕಿ ಆನ್ ಮಾಡಿದರೆ ಫೋನು ತನ್ನ ಐಎಂಇಐಯನ್ನು ನೆಟ್‌ವರ್ಕಿಗೆ ಹೇಳಲೇಬೇಕು, ಆ ಸುಳಿವು ಪೊಲೀಸರಿಗೆ ಹೋಗುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಗೂಗಲ್ ಖಾತೆ ಬೇಡ, ಕಳ್ಳ ಫೋನನ್ನು ರೀಸೆಟ್ ಮಾಡಿದ್ದರೂ ನಡೆಯುತ್ತದೆ. ಅತ್ತೆಯ ಫೋನು ಸಿಕ್ಕಿದ್ದು ಹೀಗೇ, ಕೆಲವು ವಾರ ಕಳೆದ ಮೇಲೆ, ಠಾಣೆಯಿಂದ ಕರೆ ಬಂತು. ಸೆಕೆಂಡ್ ಹ್ಯಾಂಡ್ ಅಂತ ಕೊಂಡಿದ್ದ ಹುಡುಗನೊಬ್ಬ ಸಿಮ್ ಹಾಕಿದ್ದನಂತೆ. ಫೋನು ಗೂಗಲ್ ಖಾತೆ ಕೇಳುತ್ತಾ ನಿಂತಿತ್ತು. ಎಲ್ಲರಿಗೂ ಹೀಗೆ ಸಿಗುತ್ತದೆ ಅಂತ ನಾನು ಹೇಳಲಾರೆ. ಬಿಡಿಭಾಗಕ್ಕೆ ಬಿಚ್ಚಿದ ಫೋನು ಯಾವ ಪುಟದಲ್ಲೂ ಕಾಣುವುದಿಲ್ಲ.

ಅಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅಳಿಸಿದ ಮೇಲೆ ಆಂಡ್ರಾಯ್ಡ್ ಫೋನು ಆ ಪುಟದಲ್ಲಿ ಸಿಗುವುದಿಲ್ಲ. ಲಾಕ್ ಇರುವ ಫೋನಿನಿಂದ ಫೋಟೋ ತೆಗೆಯುವುದು ಸುಲಭವಲ್ಲ, ಹಾಗಾಗಿ ಅವಸರ ಇಲ್ಲ. ಸ್ಕ್ರೀನ್ ಲಾಕೇ ಇರಲಿಲ್ಲ, ಒಳಗೆ ಬ್ಯಾಂಕ್ ಪಾಸ್‌ವರ್ಡು ಬರೆದಿಟ್ಟ ನೋಟ್ಸ್ ಇದೆ ಅಂದರೆ ಮಾತ್ರ ಈಗಲೇ ಒತ್ತಿ. ಅದೂ ಫೋನು ಆನ್‌ಲೈನ್ ಬಂದಾಗಲೇ ನಡೆಯುವುದು. ಮೆಮೊರಿ ಕಾರ್ಡಿನಲ್ಲಿ ಇರುವುದು ಅಳಿಯದೇ ಉಳಿಯಬಹುದು. ಅಳಿಸಿದರೂ ಅಮ್ಮನ ಗೂಗಲ್ ಖಾತೆಯಿಂದ ಆ ಫೋನನ್ನು ಸೈನ್ ಔಟ್ ಮಾಡಲು, ಪಟ್ಟಿಯಿಂದ ತೆಗೆಯಲು ಹೋಗಬೇಡಿ.

ಮ್ಯಾಪಿನಲ್ಲಿ ಯಾವುದೋ ಮನೆಯ ಮೇಲೆ ಚುಕ್ಕೆ ಕಂಡರೆ ನೀವೇ ಹೋಗಿ ಬಾಗಿಲು ಬಡಿಯಬೇಡಿ. ಆ ಚುಕ್ಕೆ ಪಕ್ಕದ ಮನೆಯದ್ದೂ ಆಗಿರಬಹುದು, ಮೂರು ಮಹಡಿಯಲ್ಲಿ ಯಾವುದು ಅಂತಲೂ ಹೇಳುವುದಿಲ್ಲ. ಸ್ಕ್ರೀನ್‌ಶಾಟ್ ಪೊಲೀಸರಿಗೆ ಕೊಡಿ. ನೀವು ಲಾಕ್ ಪರದೆಯಲ್ಲಿ ಹಾಕಿದ ನಂಬರಿಗೆ "ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕಿನಲ್ಲಿ ಲಾಗಿನ್ ಆಗಿ" ಅಂತ ಮೆಸೇಜ್ ಬಂದರೆ ತೆರೆಯಬೇಡಿ. ಫೋನು ಕೇಳುವ ಗೂಗಲ್ ಖಾತೆಯ ಬೀಗ ಬಿಡಿಸಿಕೊಳ್ಳಲು ಹಾಕುವ ಗಾಳ ಅದು. ಫೋನು ನಿಜಕ್ಕೂ ಕೈಗೆ ಬಂದರೆ ಸಿಇಐಆರ್ ಪುಟಕ್ಕೆ ಹೋಗಿ ಅದೇ ರಿಕ್ವೆಸ್ಟ್ ಐಡಿ ಹಾಕಿ ಅನ್‌ಬ್ಲಾಕ್ ಮಾಡಿಸಿ. ಇಲ್ಲದಿದ್ದರೆ ಅಮ್ಮನ ಸಿಮ್ ಹಾಕಿದರೂ ನೆಟ್‌ವರ್ಕ್ ಬರುವುದಿಲ್ಲ.