ಟೇಬಲನ್ನ ಪ್ಯಾರಾ ಮಾಡುವಾಗ ಅಂಕಿ ಎಲ್ಲಿ ತಪ್ಪಿಸ್ಕೊಳ್ಳುತ್ತೆ?

ಪ್ರಶ್ನೆ: ಮೂಡಿಗೆರೆ ಕಡೆ ನಾವು ಕೆಲವ್ರು ಕಾಫಿ ಬೆಳೆಗಾರರು ಸೇರ್ಕೊಂಡು ಹೊಸಬರಿಗೆ ಒಂದು ಕೈಪಿಡಿ ಮಾಡ್ತಿದೀವಿ ಸರ್. ಅದ್ರಲ್ಲಿ ಅರೇಬಿಕಾ, ರೊಬಸ್ಟಾ ಹೋಲಿಸೋ ಟೇಬಲ್ ಇದೆ, ಎತ್ತರ, ಉಷ್ಣಾಂಶ, ವರ್ಷದ ಮಳೆ, ಹೂ ಅರಳೋಕೆ ಬೇಕಾದ ಹೂಮಳೆ ಅಂತ ನಾಲ್ಕು ಸಾಲು. ಹಿರಿಯರು ಟೇಬಲ್ ಬೇಡ, ಸಭೇಲಿ ಓದಿ ಹೇಳೋ ಹಾಗೆ ಬರೀರಿ ಅಂತಾರೆ. ಬರೆದ್ರೆ ಯಾವ್ದೋ ಒಂದು ಅಂಕಿ ಬಿಟ್ಟೇ ಹೋಗುತ್ತೆ. ಏನ್ ಮಾಡೋದು?

ಉತ್ತರ: ಬರೆಯೋಕೆ ಮುಂಚೆ ಟೇಬಲ್‌ನಲ್ಲಿರೋ ಅಂಕಿಗಳನ್ನ ಎಣಿಸಿಬಿಡಿ. ನಾಲ್ಕು ಸಾಲು, ಎರಡು ಬೆಳೆ, ಪ್ರತಿ ಮನೆಯಲ್ಲೂ "ಇಷ್ಟರಿಂದ ಇಷ್ಟು" ಅಂತ ಎರಡೆರಡು, ಒಟ್ಟು 16 ಅಂಕಿ. ಹೂಮಳೆ ಸಾಲಿನಲ್ಲಿ ತಿಂಗಳುಗಳೂ ಇರ್ತವೆ, ಅದನ್ನೂ ಪಕ್ಕಕ್ಕೆ ಬರ್ಕೊಳ್ಳಿ. ಯೂನಿಟ್ ಮಾತ್ರ ಟೇಬಲ್‌ನಲ್ಲಿ ಸಾಲಿನ ತಲೆಬರಹದಲ್ಲಿ ಒಂದೇ ಸಲ ಇರುತ್ತೆ, ಪ್ಯಾರಾಗೆ ಬಂದಾಗ ತಲೆಬರಹ ಇರಲ್ಲ, ಹಾಗಾಗಿ ಎಂಟು ಮನೆಗೂ ಎಂಟು ಸಲ ಯೂನಿಟ್ ಬರೀಲೇಬೇಕು. ನಾನು ನೋಡಿದ ಮಟ್ಟಿಗೆ ಹೆಚ್ಚು ಜನ ಎಡವೋದು ಇಲ್ಲೇ.

ಇನ್ನು ಮೊದಲು ಅರೇಬಿಕಾದ್ದೆಲ್ಲಾ ಹೇಳಿ ಆಮೇಲೆ ರೊಬಸ್ಟಾಗೆ ಹೋಗ್ಬೇಡಿ, ಕೇಳೋರಿಗೆ ರೊಬಸ್ಟಾ ಮಳೆ ಬರೋ ಹೊತ್ತಿಗೆ ಅರೇಬಿಕಾ ಮಳೆ ಎಷ್ಟು ಅಂತ ಮರೆತೇ ಹೋಗಿರುತ್ತೆ. ಒಂದೊಂದು ಸಾಲನ್ನ ತಗೊಂಡು ಎರಡೂ ಬೆಳೆ ಜೋಡಿಯಾಗಿ ಹೇಳಿ, ಪ್ರತಿ ಸಲಾನೂ ಅರೇಬಿಕಾನೇ ಮೊದಲು. "ಕ್ರಮವಾಗಿ" ಅನ್ನೋ ಪದ ಬೇಡವೇ ಬೇಡ, ಕಿವಿಯಲ್ಲಿ ಕೇಳೋರಿಗೆ ಯಾವ್ದು ಯಾರ್ದು ಅಂತ ಗೊತ್ತಾಗಲ್ಲ.

ನಾನಾದ್ರೆ ಹೀಗೆ ಬರೀತೀನಿ:

"ಅರೇಬಿಕಾಗೆ ಸಮುದ್ರಮಟ್ಟದಿಂದ 1000ರಿಂದ 1500 ಮೀಟರ್ ಎತ್ತರ ಹೊಂದುತ್ತೆ, ರೊಬಸ್ಟಾಗೆ 500ರಿಂದ 1000 ಮೀಟರ್. ಉಷ್ಣಾಂಶ ಅರೇಬಿಕಾಗೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಇರ್ಬೇಕು, ರೊಬಸ್ಟಾ 20ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬರುತ್ತೆ.

ವರ್ಷದ ಮಳೆ ಅರೇಬಿಕಾಗೆ 1600ರಿಂದ 2500 ಮಿಲಿಮೀಟರ್, ರೊಬಸ್ಟಾಗೆ 1000ದಿಂದ 2000 ಮಿಲಿಮೀಟರ್. ಹೂಮಳೆ ಅರೇಬಿಕಾಗೆ ಮಾರ್ಚ್–ಏಪ್ರಿಲ್‌ನಲ್ಲಿ 2.5ರಿಂದ 4.0 ಸೆಂಟಿಮೀಟರ್ ಬೀಳ್ಬೇಕು, ರೊಬಸ್ಟಾಗೆ ಅದಕ್ಕಿಂತ ಮೊದಲೇ, ಫೆಬ್ರವರಿ–ಮಾರ್ಚ್‌ನಲ್ಲಿ, 2.0ರಿಂದ 4.0 ಸೆಂಟಿಮೀಟರ್."

ಕೊನೇ ಎರಡು ಸಾಲು ನೋಡಿ, ವರ್ಷದ ಮಳೆ ಮಿಲಿಮೀಟರ್‌ನಲ್ಲಿದೆ, ಹೂಮಳೆ ಸೆಂಟಿಮೀಟರ್‌ನಲ್ಲಿದೆ. ಕೈ ಓಡ್ತಾ ಇರೋವಾಗ ಮೇಲಿನ ಮಿಲಿಮೀಟರೇ ಕೆಳಗೂ ಇಳಿದುಬಿಡುತ್ತೆ, ಆಗ 2.5 ಮಿಲಿಮೀಟರ್ ಮಳೆಗೆ ಹೂ ಅರಳುತ್ತೆ ಅಂತ ಬರೆದ ಹಾಗಾಯ್ತು, ಅಷ್ಟು ಹನಿಗೆ ನೆಲದ ತರಗೂ ಸರಿಯಾಗಿ ಒದ್ದೆ ಆಗಲ್ಲ. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲೇ ಹೇಳೋದು, ಸೆಂಟ್ ಅಂದ್ರೆ ಇಂಚಿನ ನೂರರಲ್ಲಿ ಒಂದು ಭಾಗ, ಅದನ್ನೂ ಸೇರಿಸ್ಬೇಕು ಅನ್ಸಿದ್ರೆ ಟೇಬಲ್‌ನ ಅಂಕಿ ತೆಗೀಬೇಡಿ, ಅದರ ಪಕ್ಕ "ಅಂದ್ರೆ ಸುಮಾರು 1 ಇಂಚಿಂದ 1 ಇಂಚು 57 ಸೆಂಟ್" ಅಂತ ಹಾಕಿ. ಬರೀತಾ ಬರೀತಾ ಮನಸ್ಸಲ್ಲೇ ಪರಿವರ್ತನೆ ಮಾಡೋದು ಮಾತ್ರ ಬೇಡ.

ಇನ್ನೊಂದು ಅಪಾಯ ಇದೆ, ಇದು ಎಣಿಕೆಗೆ ಸಿಗಲ್ಲ. ವಾಕ್ಯ ಸರಾಗ ಆಗ್ಲಿ ಅಂತ "ಅರೇಬಿಕಾಗೆ ಮಳೆ ಜಾಸ್ತಿ ಬೇಕು, ರೊಬಸ್ಟಾಗೆ ಕಮ್ಮಿ" ಅಂತ ಶುರು ಮಾಡ್ತೀವಿ. ಆದ್ರೆ 1600ರಿಂದ 2000 ಮಿಲಿಮೀಟರ್ ವರೆಗಿನ ಮಳೆ ಎರಡಕ್ಕೂ ಆಗುತ್ತೆ. 20ರಿಂದ 25 ಡಿಗ್ರಿನೂ ಅಷ್ಟೇ. ತೋಟದಲ್ಲಿ 1800 ಮಿಲಿಮೀಟರ್ ಮಳೆ ಬೀಳೋ ಹೊಸಬರು ಆ ವಾಕ್ಯ ಕೇಳಿ ರೊಬಸ್ಟಾ ಆಗಲ್ಲ ಅಂದ್ಕೊಂಡ್ರೆ ತಪ್ಪು ನಮ್ದು. "ಎತ್ತರದಲ್ಲಿ ಬೆಳೆಯೋದ್ರಿಂದ ಮಳೆ ಜಾಸ್ತಿ ಬೇಕು" ಅನ್ನೋದೂ ಹಾಗೇ, ಆ "ಆದ್ದರಿಂದ" ಟೇಬಲ್‌ನಲ್ಲಿ ಎಲ್ಲೂ ಇಲ್ಲ. ಜೋಡಿಸೋಕೆ "ಆದ್ರೆ", "ಇತ್ತ", "ಅದೇ" ಸಾಕು. ಸರಾಸರಿ ತೆಗೆದು "ಸುಮಾರು 2050" ಅಂತಲೂ ಬರೀಬೇಡಿ, ರೇಂಜು ರೇಂಜಾಗೇ ಇರ್ಲಿ.

ಬರೆದಾದ್ಮೇಲೆ ನೀವೇ ಚೆಕ್ ಮಾಡೋಕೆ ಹೋಗ್ಬೇಡಿ, ಅಂಕಿ ಮನಸ್ಸಲ್ಲಿರುತ್ತೆ, ಕಾಗದದಲ್ಲಿ ಇಲ್ದಿದ್ರೂ ಇದೆ ಅನ್ಸುತ್ತೆ. ಟೇಬಲ್ ನೋಡಿಲ್ಲದವರ ಕೈಗೆ ಖಾಲಿ ಮನೆಗಳ ಹಾಳೆ ಕೊಟ್ಟು ನೀವು ಪ್ಯಾರಾ ಓದಿ, ಅವರು ಕೇಳಿ ತುಂಬ್ಲಿ. ಯೂನಿಟ್ಟೂ ಅವರೇ ಬರೀಬೇಕು. ತುಂಬಿದ ಹಾಳೆನ ಮೂಲ ಟೇಬಲ್ ಪಕ್ಕ ಇಟ್ಟು ನೋಡಿ, ಯಾವ ಮನೆ ಖಾಲಿ ಇದೆಯೋ ಅಥವಾ ಎಲ್ಲಿ "ಇನ್ನೊಂದ್ಸಲ ಓದಿ" ಅಂದ್ರೋ ಆ ವಾಕ್ಯವನ್ನಷ್ಟೇ ತಿದ್ದಿ.