ಜಾರಿಟ್ ಅಂಕ ಬಂದ ಮೇಲೆ ಮಾಡಬೇಕಾದ್ದು

“ಮೆಮೊರಿ ಕ್ಲಿನಿಕ್‌ನಲ್ಲಿ ಮರೆವಿನ ಕಾಯಿಲೆಯವರ ಆರೈಕೆ ಮಾಡುವವರಿಂದ, ಅವರ ಹೊರೆ ಅಳೆಯುವ ಜಾರಿಟ್ ಪ್ರಶ್ನಾವಳಿ ತುಂಬಿಸುತ್ತಿದ್ದೇವೆ. ಅಂಕ ಬಂದ ಮೇಲೆ ಮುಂದೇನು?”

ಮೊದಲು ಒಂದು ವಿಷಯ: ರೋಗಿ ಪಕ್ಕದಲ್ಲಿ ಕೂತಿದ್ದರೆ ಆರೈಕೆ ಮಾಡುವವರು ನಿಜ ಹೇಳುವುದಿಲ್ಲ. ರೋಗಿಯ ಪರೀಕ್ಷೆ ನಡೆಯುವ ಹೊತ್ತಿಗೇ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿ.

ಇಪ್ಪತ್ತೆರಡು ಪ್ರಶ್ನೆ, ಒಂದೊಂದಕ್ಕೂ 0ರಿಂದ 4, ಒಟ್ಟು ಗರಿಷ್ಠ ಅಂಕ 88. ಪತಿಯನ್ನು ನೋಡಿಕೊಳ್ಳುವ ಒಬ್ಬರಿಗೆ 46 ಬಂತೆನ್ನಿ. ಹೊರೆ ಹೆಚ್ಚಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ಅವರು 3 ಅಥವಾ 4 ಕೊಟ್ಟ ಪ್ರಶ್ನೆಗಳನ್ನು ಹಿಡಿದು ಮಾತಾಡಿ. ಮರೆವಿಗಿಂತ ಹೆಚ್ಚಾಗಿ ರಾತ್ರಿ ಎದ್ದು ಓಡಾಡುವುದು, ಅನುಮಾನ, ಸಿಟ್ಟು ಇವೇ ಜನರನ್ನು ದಣಿಸುತ್ತವೆ.

ಇವರ ಸಮಸ್ಯೆ ರಾತ್ರಿಯದಾದರೆ, ಒಂದು ವಾರ ಪತಿ ಎದ್ದ ಹೊತ್ತು, ಅದಕ್ಕೆ ಮುಂಚೆ ಆದದ್ದು, ಇವರು ಮಾಡಿದ್ದು ಬರೆದಿಡಲು ಹೇಳಿ. ಹಗಲು ನಿದ್ದೆ, ನೋವು, ಮೂತ್ರದ ಸೋಂಕು, ಸಂಜೆಯ ಮೂತ್ರವರ್ಧಕ ಮಾತ್ರೆ, ಇವನ್ನು ವೈದ್ಯರು ಮೊದಲು ನೋಡಲಿ. ಆಮೇಲೆ ವಾರದಲ್ಲಿ ಎರಡು ರಾತ್ರಿ ಯಾರು ಕಾಯುತ್ತಾರೆಂದು ಮನೆಯವರನ್ನು ಕೂರಿಸಿ, ಹೆಸರು ಹಿಡಿದು ನಿಗದಿ ಮಾಡಿ. ಕರಪತ್ರ ಕೊಟ್ಟು ಕಳಿಸಿದರೆ ಹೊರೆ ಇಳಿಯುವುದಿಲ್ಲ. ಆರೈಕೆ ಮಾಡುವವರಿಗಾಗಿ ನಡೆದ ಲಂಡನ್ನಿನ ‘ಸ್ಟಾರ್ಟ್’ ಕಾರ್ಯಕ್ರಮದಲ್ಲಿ ಒಬ್ಬೊಬ್ಬರೊಂದಿಗೂ ಎಂಟು ಭೇಟಿ ಇಟ್ಟಿದ್ದರು. ನೀವೂ ಹಾಗೇ ಯೋಜಿಸಿ.

ಜಾರಿಟ್ ಖಿನ್ನತೆಯ ಪರೀಕ್ಷೆಯಲ್ಲ. ಅದಕ್ಕೆ ಪಿಎಚ್‌ಕ್ಯೂ-9 ಬೇರೆಯಾಗಿ ಮಾಡಿ. ಸಾಯುವ ಅಥವಾ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತ ಅದರ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಅವತ್ತೇ ವೈದ್ಯರು ಅವರ ಜೊತೆ ಮಾತಾಡಲೇಬೇಕು.

ಮೂರು ತಿಂಗಳಿಗೆ ಮತ್ತೆ ಅಳೆಯಿರಿ. ಕಾಯಿಲೆ ಮುಂದುವರಿಯುತ್ತಿರುವಾಗ ಅಂಕ ಏರದೆ ನಿಂತರೂ ಅದು ಫಲವೇ. ರೋಗಿ ವೃದ್ಧಾಶ್ರಮ ಸೇರಿ ಅಂಕ ಇಳಿದಿದ್ದರೆ ಅದನ್ನು ಕಾರ್ಯಕ್ರಮದ ಲೆಕ್ಕಕ್ಕೆ ಹಾಕಬೇಡಿ.